ತಿಳಿಯಾದ ಕಾಫಿಗೆ ಒಂದೇ ಸಮನಾದ ತರಿ

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆಯ ತೋಟಗಳಿಂದ ಹುರಿದ ಕಾಫಿ ಬೀಜವನ್ನು ನೇರವಾಗಿ ತರಿಸಿಕೊಂಡು, ಮನೆಯಲ್ಲೇ ಪುಡಿ ಮಾಡಿ, ಹಾಲು ಸೇರಿಸದೆ ಕುಡಿಯುವವರು ಈಗ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಸಾಕಷ್ಟು ಮಂದಿ ಸಿಗುತ್ತಾರೆ. ಪೊಟ್ಟಣದ ಮೇಲೆ ಕಿತ್ತಳೆ, ಜೇನು, ಹೂವಿನ ಪರಿಮಳ ಎಂದೆಲ್ಲ ಬರೆದಿರುತ್ತದೆ. ಆಸೆಪಟ್ಟು ಮಾಡಿದ ಮೊದಲ ಲೋಟದಲ್ಲಿ ಅದ್ಯಾವುದೂ ಇರುವುದಿಲ್ಲ. ನಾಲಿಗೆಯ ಅಂಚಿಗೆ ಚುರುಕಾದ ಹುಳಿ, ಹಿಂದೆಯೇ ಗಂಟಲಲ್ಲಿ ಉಳಿಯುವ ಕಹಿ, ಕೊನೆಯ ಗುಟುಕಿನಲ್ಲಿ ಮಡ್ಡಿ. ಬೀಜ ಸರಿಯಿಲ್ಲ, ಹುರಿದವರು ಕೆಡಿಸಿದ್ದಾರೆ, ನೀರು ಗಡುಸು ಎಂದು ಒಂದೊಂದರ ಮೇಲೂ ಅನುಮಾನ ಹೋಗುತ್ತದೆ. ಅಡುಗೆಮನೆಯ ಕಟ್ಟೆಯ ಮೇಲಿರುವ ಮಿಕ್ಸಿಯ ಚಟ್ನಿ ಜಾರ್ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ಬಹಳಷ್ಟು ಸಲ ತಪ್ಪಿರುವುದು ಅಲ್ಲಿಯೇ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಹದಿನೈದು ಗ್ರಾಂ ಬೀಜವನ್ನು ಮಿಕ್ಸಿಯಲ್ಲಿ ಹತ್ತಿಪ್ಪತ್ತು ಸೆಕೆಂಡು ತಿರುಗಿಸಿ, ಒಂದು ಚಿಟಿಕೆಯನ್ನು ಬಿಳಿ ಹಾಳೆಯ ಮೇಲೆ ಉದುರಿಸಿ ಬೆರಳಿನಿಂದ ತೆಳ್ಳಗೆ ಹರಡಿದರೆ ಸಾಕು. ಕಾಲು ಬೀಜದಷ್ಟು ದೊಡ್ಡ ಚೂರುಗಳು ಒಂದೆರಡು ಕಾಣುತ್ತವೆ. ಗೋಧಿ ನುಚ್ಚಿನಷ್ಟು ದಪ್ಪದವು ಹಲವು. ರವೆಯ ಹದದವು ಒಂದಷ್ಟು. ಇವೆಲ್ಲವನ್ನೂ ಪಕ್ಕಕ್ಕೆ ಸರಿಸಿದಾಗ ಹಾಳೆಗೆ ಕಂದು ಬಣ್ಣ ಬಳಿದಂತೆ ಅಂಟಿಕೊಂಡ ಹಿಟ್ಟು. ಬೆರಳಿನಿಂದ ಉಜ್ಜಿದರೆ ಅದು ಬೆರಳಿನ ಗೆರೆಗಳೊಳಗೆ ಸೇರಿಕೊಳ್ಳುತ್ತದೆ. ಹೆಸರಿಗೆ ಅದು ಒಂದು ಪುಡಿ. ನೀರಿನ ಪಾಲಿಗೆ ಮೂರು ನಾಲ್ಕು ಬೇರೆ ಬೇರೆ ಪುಡಿಗಳು.

ಹೀಗಾಗುವುದು ಮಿಕ್ಸಿ ಕೆಲಸ ಮಾಡುವ ರೀತಿಯಿಂದಲೇ. ಜಾರಿನ ತಳದಲ್ಲಿ ಬ್ಲೇಡು ಅತಿ ವೇಗವಾಗಿ ಸುತ್ತುತ್ತದೆ, ಬೀಜಗಳು ಅದರ ಸುತ್ತ ಗಾಳಿಯಲ್ಲಿ ಎಗರುತ್ತಿರುತ್ತವೆ. ಎದುರಿಗೆ ಸಿಕ್ಕಿದ್ದಕ್ಕೆ ಏಟು, ಸಿಗದಿದ್ದಕ್ಕೆ ಇಲ್ಲ. ಹುರಿದ ಕಾಫಿ ಬೀಜ ಗಾಜಿನ ಜಾತಿಯ ಪೆಡಸು ವಸ್ತುವಾದ್ದರಿಂದ ಅದು ಕತ್ತರಿಸಿಕೊಳ್ಳುವುದಿಲ್ಲ, ಒಡೆದು ಚೂರಾಗುತ್ತದೆ. ಒಮ್ಮೆ ಸಣ್ಣದಾದ ಚೂರು ಜಾರಿನಿಂದ ಹೊರಗೆ ಹೋಗುವ ದಾರಿಯೇ ಇಲ್ಲ. ಅದು ಬ್ಲೇಡಿನ ಹತ್ತಿರವೇ ಸುಳಿಯುತ್ತ ಮತ್ತೆ ಮತ್ತೆ ಏಟು ತಿಂದು ಹಿಟ್ಟಾಗುತ್ತದೆ. ಅದೇ ಹೊತ್ತಿಗೆ ಜಾರಿನ ಗೋಡೆಗೆ ಒತ್ತರಿಸಿದ ದೊಡ್ಡ ಚೂರು ಹಾಗೆಯೇ ಉಳಿದಿರುತ್ತದೆ. ಇನ್ನೊಂದಿಷ್ಟು ತಿರುಗಿಸಿದರೆ ದೊಡ್ಡ ಚೂರು ಒಡೆಯುತ್ತದೆ ನಿಜ, ಆದರೆ ಅಷ್ಟರಲ್ಲಿ ಸರಿಯಾದ ಹದಕ್ಕೆ ಬಂದಿದ್ದ ಪುಡಿಯೂ ಹಿಟ್ಟಾಗಿರುತ್ತದೆ. ಕಾಫಿಗೆಂದೇ ಮಾರುವ ಪುಟ್ಟ ಬ್ಲೇಡ್ ಗ್ರೈಂಡರುಗಳದ್ದೂ ಇದೇ ಕಥೆ. ಅದರಲ್ಲಿ ನಮ್ಮ ಕೈಯಲ್ಲಿರುವುದು ಸಮಯ ಒಂದೇ. ಗಾತ್ರವನ್ನು ಹೇಳಿ ಮಾಡಿಸುವ ಹಿಡಿತ ಆ ಯಂತ್ರದಲ್ಲಿ ಇಲ್ಲ.

ಬರ್ ಗ್ರೈಂಡರ್ ಕೆಲಸ ಮಾಡುವುದು ಬೀಸುಕಲ್ಲಿನ ಹಾಗೆ. ಕೆಳಗಿನ ಕಲ್ಲು ನಿಂತಿರುತ್ತದೆ, ಮೇಲಿನದು ತಿರುಗುತ್ತದೆ. ಗೂಟದ ಬಳಿಯ ಬಾಯಿಗೆ ಹಾಕಿದ ಕಾಳು ಎರಡರ ನಡುವೆ ನುಚ್ಚಾಗಿ, ರವೆಯಾಗಿ, ಅಂಚಿನಿಂದ ಉದುರುತ್ತದೆ. ಬರ್ ಎಂದರೆ ಹಲ್ಲುಗಳಿರುವ ಉಕ್ಕಿನ ಅಥವಾ ಸೆರಾಮಿಕ್‌ನ ಇಂಥ ಒಂದು ಜೋಡಿ. ಒಳಭಾಗದ ಹಲ್ಲುಗಳು ದಪ್ಪ, ಅವುಗಳ ನಡುವೆ ಜಾಗವೂ ಹೆಚ್ಚು. ಇಡೀ ಬೀಜ ಮೊದಲು ಅಲ್ಲಿ ಒಡೆಯುತ್ತದೆ. ಹೊರಕ್ಕೆ ಹೋದಂತೆ ಹಲ್ಲು ಸಣ್ಣದು, ಸಂದು ಕಿರಿದು. ಕೊನೆಯ ಅಂಚಿನಲ್ಲಿ ಎರಡು ಬರ್‌ಗಳ ನಡುವೆ ಎಷ್ಟು ಅಂತರವಿದೆಯೋ ಅದಕ್ಕಿಂತ ದಪ್ಪದ ಚೂರು ಹೊರಗೆ ಬರುವಂತಿಲ್ಲ. ಆ ಅಂತರಕ್ಕೆ ಸರಿಹೊಂದಿದ ಚೂರು ಮರುಕ್ಷಣವೇ ಕೆಳಗೆ ಬೀಳುತ್ತದೆ, ಎರಡನೆಯ ಏಟಿಗೆ ಸಿಗುವುದಿಲ್ಲ. ಮಿಕ್ಸಿಗೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಕೊನೆಯ ಎರಡು ವಾಕ್ಯಗಳಲ್ಲಿದೆ. ದೊಡ್ಡದಕ್ಕೆ ತಡೆ, ಸಣ್ಣದಕ್ಕೆ ಬಿಡುಗಡೆ.

ಈ ಯಂತ್ರ ನಮಗೆ ಹೊಸದಲ್ಲ. ಹಳೆಯ ಮನೆಗಳಲ್ಲಿ ಮೇಜಿನ ಅಂಚಿಗೋ ಮರದ ಕಂಬಕ್ಕೋ ಬಿಗಿದು, ಹಿಡಿ ತಿರುಗಿಸಿ ಕಾಫಿ ಪುಡಿ ಮಾಡುತ್ತಿದ್ದ ಎರಕದ ಕಬ್ಬಿಣದ ಮೆಷಿನ್ ಬರ್ ಗ್ರೈಂಡರೇ. ಮುಂಭಾಗದ ತಿರುಪನ್ನು ಬಿಗಿ ಮಾಡಿದರೆ ನಯ, ಸಡಿಲ ಮಾಡಿದರೆ ತರಿ. ಕಾರು ತಯಾರಿಸುವುದಕ್ಕೆ ಎಷ್ಟೋ ಮೊದಲು, 1840ರಲ್ಲೇ, ಫ್ರಾನ್ಸಿನ ಪೂಜೋ ಕಂಪನಿ ಇಂಥ ಕೈ ಮೆಷಿನ್ನುಗಳನ್ನು ಮಾಡಿ ಮಾರತೊಡಗಿತ್ತು. ನಮ್ಮ ಊರುಗಳ ಕಾಫಿ ಪುಡಿ ಅಂಗಡಿಯಲ್ಲಿ ಬೀದಿಯ ತುದಿಗೂ ಘಮ ಕಳಿಸುತ್ತ ತಿರುಗುವ ದೊಡ್ಡ ಮೆಷಿನ್ನಿನೊಳಗೂ ಎದುರುಬದುರಾಗಿ ನಿಂತ ಎರಡು ಹಲ್ಲಿನ ತಟ್ಟೆಗಳಿವೆ. ಮಿಕ್ಸಿ ಅಡುಗೆಮನೆಗೆ ಬಂದ ಮೇಲೆ ಕೈ ಮೆಷಿನ್ ಅಟ್ಟ ಸೇರಿತು. ಮಿಕ್ಸಿಯಿಂದ ಅಡುಗೆಗೆ ಆದ ಉಪಕಾರ ದೊಡ್ಡದು. ಕಾಫಿ ಬೀಜದ ಮಟ್ಟಿಗೆ ಮಾತ್ರ ಅದು ಹಿಂದಕ್ಕಿಟ್ಟ ಹೆಜ್ಜೆಯಾಯಿತು.

ಇನ್ನು ಗಾತ್ರ ಸಮನಾಗಿಲ್ಲದಿದ್ದರೆ ರುಚಿ ಏಕೆ ಕೆಡಬೇಕು? ಅದಕ್ಕೆ ಉತ್ತರ ನೀರು ಪುಡಿಯೊಳಗೆ ಮಾಡುವ ಕೆಲಸದಲ್ಲಿದೆ.

ಒಂದು ಮಿಲಿಮೀಟರ್ ಅಳತೆಯ ಘನಾಕಾರದ ಕಾಫಿ ಚೂರೊಂದನ್ನು ಊಹಿಸಿಕೊಳ್ಳಬಹುದು. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಮಿಲಿಮೀಟರ್. ಅದನ್ನೇ ಹತ್ತನೇ ಒಂದು ಮಿಲಿಮೀಟರಿನ ಚೂರುಗಳಾಗಿ ಮಾಡಿದರೆ 1,000 ಚೂರುಗಳಾಗುತ್ತವೆ, ಅವುಗಳ ಒಟ್ಟು ಮೈ 60 ಚದರ ಮಿಲಿಮೀಟರ್. ಕಾಫಿ ಅಷ್ಟೇ, ನೀರಿಗೆ ಸಿಗುವ ಮೈ ಹತ್ತು ಪಟ್ಟು. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಕಾಫಿ ಬೀಜದ ಒಂದೊಂದು ಜೀವಕೋಶ ಸುಮಾರು 30ರಿಂದ 50 ಮೈಕ್ರಾನ್ ಅಗಲ, ಎಂದರೆ ಒಂದು ಮಿಲಿಮೀಟರಿನಲ್ಲಿ ಇಪ್ಪತ್ತು ಮೂವತ್ತು ಕೋಶಗಳು ಸಾಲಾಗಿ ಕೂರುತ್ತವೆ. ರುಚಿ ಇರುವುದು ಈ ಕೋಶಗಳ ಒಳಗೆ. ಹಿಟ್ಟಿನ ಕಣವೊಂದರಲ್ಲಿ ಇರುವುದೇ ಒಂದೆರಡು ಕೋಶ, ಅವೂ ಒಡೆದು ಬಾಯಿ ತೆರೆದಿರುತ್ತವೆ. ಬಿಸಿನೀರು ತಾಗಿದ ಕೆಲವೇ ಸೆಕೆಂಡುಗಳಲ್ಲಿ ಅದರೊಳಗಿನದು ನೀರಿಗಿಳಿಯುತ್ತದೆ. ದಪ್ಪ ನುಚ್ಚಿನ ನಡುವಿನ ಕೋಶವನ್ನು ತಲುಪಲು ನೀರು ಹಲವು ಗೋಡೆಗಳನ್ನು ದಾಟಿ ಒಳಗೆ ಹೋಗಬೇಕು, ಕರಗಿಸಿಕೊಂಡು ಮತ್ತೆ ಹೊರಗೆ ಬರಬೇಕು. ಮೂರು ನಿಮಿಷದಲ್ಲಿ ಆ ಪ್ರಯಾಣ ಮುಗಿಯುವುದಿಲ್ಲ. ಕಾಫಿ ಮಾಡಿದ ಮೇಲೆ ಚರಟದಿಂದ ಒಂದು ದಪ್ಪ ಚೂರನ್ನು ಆರಿಸಿ ತೊಳೆದು ಹಲ್ಲಿನಲ್ಲಿ ಕಡಿದರೆ ಒಳಗೆ ಇನ್ನೂ ಕಾಫಿಯ ರುಚಿ ಉಳಿದಿರುವುದು ಗೊತ್ತಾಗುತ್ತದೆ.

ಬೀಜದಿಂದ ಎಲ್ಲವೂ ಒಟ್ಟಿಗೆ ಇಳಿಯುವುದೂ ಇಲ್ಲ. ಹಣ್ಣಿನ ಹುಳಿ ಮತ್ತು ಹಗುರವಾದ ಪರಿಮಳ ಮೊದಲು ಬರುತ್ತವೆ, ಅವುಗಳ ಬೆನ್ನಿಗೆ ಸಿಹಿಯ ಭಾವನೆ ಕೊಡುವ ಪದಾರ್ಥಗಳು, ತಡವಾಗಿ ಕಹಿ ಮತ್ತು ಒಗರು. ಹುರಿದ ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 30ರಷ್ಟು ಮಾತ್ರ ನೀರಿನಲ್ಲಿ ಕರಗಬಲ್ಲದು, ಅಷ್ಟನ್ನೂ ಇಳಿಸಿಕೊಂಡರೆ ಕಾಫಿ ಕುಡಿಯುವಂತಿರುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ರಸಾಯನಶಾಸ್ತ್ರಜ್ಞ ಅರ್ನೆಸ್ಟ್ ಲಾಕ್‌ಹಾರ್ಟ್ ಕಾಫಿ ಕುಡಿಯುವವರ ಅಭಿರುಚಿಯನ್ನು ಅಳೆದು ಒಂದು ನಕ್ಷೆ ರೂಪಿಸಿದರು. ಬೀಜದ ತೂಕದ ಶೇ 18ರಿಂದ 22ರಷ್ಟು ನೀರಿಗಿಳಿದಾಗ ರುಚಿ ಹದವಾಗಿರುತ್ತದೆ ಎಂಬ ಆ ಲೆಕ್ಕವನ್ನು ಕಾಫಿ ಲೋಕ ಇಂದಿಗೂ ಇಟ್ಟುಕೊಂಡಿದೆ. ಅದಕ್ಕಿಂತ ಬಹಳ ಕಡಿಮೆಯಾದರೆ ಹುಳಿಯೂ ಸಪ್ಪೆಯೂ ಆದ ಕಾಫಿ, ಬಹಳ ಹೆಚ್ಚಾದರೆ ಕಹಿ, ಒಗರು.

ಈಗ ಒಂದು ಲೋಟವನ್ನೇ ಲೆಕ್ಕ ಹಾಕಿ ನೋಡೋಣ. ಬೀಜ ಸೆಲೆಕ್ಷನ್ 9. ಇಥಿಯೋಪಿಯಾ ಮೂಲದ ತಫಾರಿಕೆಲ ಮತ್ತು ಹೈಬ್ರಿಡೊ ಡಿ ಟಿಮೋರ್ ತಳಿಗಳ ಸಂಕರದಿಂದ ನಮ್ಮಲ್ಲಿ ಬೆಳೆಸಿದ ಅರೇಬಿಕಾ ಇದು; ನಾಜೂಕಾದ ಪರಿಮಳಕ್ಕೆ ಹೆಸರಾದದ್ದು, ಆದ್ದರಿಂದ ಪುಡಿಯ ದೋಷ ಇದರಲ್ಲಿ ಬೇಗ ಗೊತ್ತಾಗುತ್ತದೆ. ಬೀಜ 15 ಗ್ರಾಂ, ನೀರು 250 ಗ್ರಾಂ, ಕಾಗದದ ಫಿಲ್ಟರ್ ಇಟ್ಟ ಕೋನಾಕಾರದ ಸೋಸುವ ಬಟ್ಟಲು. ಮೇಲಿನಿಂದ ಕೈಯಾರೆ ನೀರು ಹೊಯ್ಯುವ ಈ ವಿಧಾನಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ ತರಿ ಬೇಕು.

ಮಿಕ್ಸಿಯ ಪುಡಿಯಲ್ಲಿ 3 ಗ್ರಾಂ ಹಿಟ್ಟು, 9 ಗ್ರಾಂ ರವೆಯ ಹದದ್ದು, 3 ಗ್ರಾಂ ದಪ್ಪ ನುಚ್ಚು ಇದೆ ಎಂದುಕೊಳ್ಳೋಣ. ಹಿಟ್ಟಿನಿಂದ ಶೇ 27ರಷ್ಟು, ರವೆಯಿಂದ ಶೇ 20ರಷ್ಟು, ನುಚ್ಚಿನಿಂದ ಶೇ 12ರಷ್ಟು ಇಳಿಯಿತು ಎಂದಿಟ್ಟುಕೊಂಡರೆ ಒಟ್ಟು ಸರಾಸರಿ ಶೇ 19.8. ಬರ್ ಗ್ರೈಂಡರಿನ ಪುಡಿಯಲ್ಲಿ 1 ಗ್ರಾಂ ಹಿಟ್ಟು, 13 ಗ್ರಾಂ ರವೆ, 1 ಗ್ರಾಂ ಕೊಂಚ ದಪ್ಪದ್ದು. ಇಳಿದದ್ದು ಕ್ರಮವಾಗಿ ಶೇ 26, 20, 14. ಸರಾಸರಿ ಶೇ 20. ಇವು ವಿವರಣೆಗಾಗಿ ಇಟ್ಟುಕೊಂಡ ಅಂಕಿಗಳು, ಆದರೆ ನಿಜದ ಲೋಟದಲ್ಲಿ ನಡೆಯುವುದೂ ಇದೇ ಬಗೆಯ ಸಂಗತಿ.

ಎರಡು ಸರಾಸರಿಗಳ ನಡುವೆ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಎರಡೂ ಲಾಕ್‌ಹಾರ್ಟ್ ಹೇಳಿದ ಹದದೊಳಗೇ ಇವೆ. ಅಳತೆಯ ಉಪಕರಣ ಎರಡಕ್ಕೂ ಒಂದೇ ಅಂಕಿ ತೋರಿಸಬಹುದು. ನಾಲಿಗೆ ಹಾಗೆ ಒಪ್ಪುವುದಿಲ್ಲ, ಏಕೆಂದರೆ ಅದು ಸರಾಸರಿಯನ್ನು ಸವಿಯುವುದಿಲ್ಲ. ಮೊದಲ ಲೋಟದಲ್ಲಿ ಅತಿಯಾಗಿ ಇಳಿದ ಮೂರು ಗ್ರಾಂನ ಕಹಿ ಇದೆ, ಅರೆಬರೆ ಇಳಿದ ಮೂರು ಗ್ರಾಂನ ಹುಳಿಯೂ ಇದೆ. ಅವು ಒಂದನ್ನೊಂದು ಸರಿಮಾಡುವುದಿಲ್ಲ. ಕಹಿ ಕಹಿಯಾಗಿಯೇ, ಹುಳಿ ಹುಳಿಯಾಗಿಯೇ ಉಳಿದು, ಇಬ್ಬರೂ ಸೇರಿ ನಡುವಿನ ಒಂಬತ್ತು ಗ್ರಾಂನ ಒಳ್ಳೆಯ ರುಚಿಯನ್ನು ಮುಚ್ಚಿಬಿಡುತ್ತವೆ. ಎರಡನೆಯ ಲೋಟದಲ್ಲಿ ಬಹುಪಾಲು ಪುಡಿ ಒಂದೇ ಹಂತದಲ್ಲಿ ನಿಂತಿದೆ. ಆದ್ದರಿಂದ ಆ ಬೀಜಕ್ಕಿರುವ ಹುಳಿ, ಸಿಹಿ, ಪರಿಮಳಗಳು ಬೇರೆ ಬೇರೆಯಾಗಿ ಗುರುತು ಸಿಗುತ್ತವೆ. ಕಾಫಿ ರುಚಿ ನೋಡುವವರು ಕ್ಲಾರಿಟಿ ಎನ್ನುವುದು ಇದನ್ನೇ. ಕಾಫಿ ತೆಳ್ಳಗಿದೆ ಎಂದಲ್ಲ, ಒಂದು ರುಚಿ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗಿಲ್ಲ ಎಂದು.

ಮನೆಯಲ್ಲಿ ಕಾಫಿ ಮಾಡುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮಿಕ್ಸಿಯ ಪುಡಿಯ ಕಾಫಿಯನ್ನು ಸರಿಪಡಿಸುವುದಕ್ಕೇ ಆಗುವುದಿಲ್ಲ. ಕಹಿಯಾಯಿತೆಂದು ನೀರಿನ ಬಿಸಿ ಇಳಿಸಿದರೆ, ಬೇಗ ಸೋಸಿದರೆ, ಹಿಟ್ಟಿನ ಕಹಿ ಸ್ವಲ್ಪ ತಗ್ಗುತ್ತದೆ, ನುಚ್ಚಿನ ಹುಳಿ ಹೆಚ್ಚುತ್ತದೆ. ಹುಳಿಯಾಯಿತೆಂದು ಹೆಚ್ಚು ಹೊತ್ತು ನೆನೆಸಿದರೆ ಹಿಟ್ಟಿನಿಂದ ಇನ್ನಷ್ಟು ಕಹಿ. ಎತ್ತ ತಿರುಗಿದರೂ ಒಂದು ತುದಿ ಕೆಡುತ್ತದೆ. ಬರ್ ಗ್ರೈಂಡರಿನಲ್ಲೂ ಮೊದಲ ಲೋಟ ಕೆಡಬಹುದು, ಕೆಡುತ್ತದೆ ಕೂಡ. ಆದರೆ ಪುಡಿಯೆಲ್ಲ ಒಂದೇ ಹದದಲ್ಲಿರುವುದರಿಂದ ತಪ್ಪು ಒಂದೇ ಕಡೆಗೆ ಆಗಿರುತ್ತದೆ. ಬರೀ ಹುಳಿಯಾದರೆ ಒಂದೆರಡು ಕ್ಲಿಕ್ ನಯಕ್ಕೆ, ಬರೀ ಕಹಿಯಾದರೆ ಒಂದೆರಡು ಕ್ಲಿಕ್ ದಪ್ಪಕ್ಕೆ. ಮರುದಿನದ ಲೋಟ ಸುಧಾರಿಸುತ್ತದೆ, ಮೂರನೆಯ ದಿನ ಹದ ಸಿಗುತ್ತದೆ, ನಾಲ್ಕನೆಯ ದಿನವೂ ಅದೇ ಹದ ಬರುತ್ತದೆ. ಬರ್‌ಗೆ ಕೊಡುವ ಹಣದಲ್ಲಿ ನಿಜವಾಗಿ ಕೊಂಡುಕೊಳ್ಳುವುದು ಈ ಹಿಡಿತವನ್ನು.

ತಿಳಿ ಎಂಬುದಕ್ಕೆ ಕಣ್ಣಿಗೆ ಕಾಣುವ ಮುಖವೂ ಇದೆ. ನೀರು ಹೊಯ್ಯುತ್ತಿದ್ದಂತೆ ಹಿಟ್ಟು ತರಿಯ ಸಂದುಗಳಲ್ಲಿ ಜಾರಿ ಕೆಳಗಿಳಿದು ಕಾಗದದ ಸಣ್ಣ ರಂಧ್ರಗಳನ್ನು ಕಟ್ಟಿಕೊಳ್ಳುತ್ತದೆ. ಬರ್ ಪುಡಿಯಲ್ಲಿ ಮೂರು ನಿಮಿಷದ ಆಸುಪಾಸಿನಲ್ಲಿ ಇಳಿದು ಮುಗಿಯಬೇಕಾದ ನೀರು, ಮಿಕ್ಸಿ ಪುಡಿಯಲ್ಲಿ ಮೊದಲು ಸರಾಗವಾಗಿ ಹೋಗಿ ಆಮೇಲೆ ನಿಂತುಬಿಡುತ್ತದೆ. ಐದು ನಿಮಿಷವಾದರೂ ಬಟ್ಟಲಿನಲ್ಲಿ ಕೆಸರಿನಂತೆ ನೀರು ಕೂತಿರುತ್ತದೆ. ಇನ್ನು ಕೆಲವು ಸಲ ಅದು ಪುಡಿಯ ನಡುವೆ ಸುಲಭದ ದಾರಿ ಮಾಡಿಕೊಂಡು ಒಂದೇ ಕಡೆಯಿಂದ ಓಡುತ್ತದೆ. ಆ ದಾರಿಯ ಪುಡಿಯಿಂದ ಎಲ್ಲವೂ ಇಳಿದುಹೋಗುತ್ತದೆ, ಪಕ್ಕದ ಪುಡಿ ಒದ್ದೆಯಾದಷ್ಟೇ ಲಾಭ. ಸೋಸಿದ ಮೇಲೆ ಕಾಗದ ಬಿಚ್ಚಿ ನೋಡಿದರೆ ಕಥೆಯೆಲ್ಲ ಅಲ್ಲಿರುತ್ತದೆ. ಚರಟದ ಮೇಲೆ ನುಣ್ಣನೆಯ ಕೆಸರಿನ ಪದರ, ಕಾಗದದ ತುದಿಯಲ್ಲಿ ಕಪ್ಪಾದ ಲೇಪ ಇದ್ದರೆ ಹಿಟ್ಟು ಹೆಚ್ಚಾಗಿದೆ ಎಂದರ್ಥ.

ಕಾಗದವಿಲ್ಲದ ವಿಧಾನಗಳಲ್ಲಿ ಹಿಟ್ಟು ನೇರವಾಗಿ ಲೋಟಕ್ಕೇ ಬರುತ್ತದೆ. ಫ್ರೆಂಚ್ ಪ್ರೆಸ್‌ನ ಲೋಹದ ಜಾಳಿಗೆ ನುಚ್ಚನ್ನು ತಡೆಯುತ್ತದೆ, ಹಿಟ್ಟನ್ನು ಬಿಡುತ್ತದೆ. ತೇಲುವ ಹಿಟ್ಟಿನಿಂದ ಕಾಫಿ ಕದಡಿದಂತಿರುತ್ತದೆ, ನಾಲಿಗೆಯ ಮೇಲೆ ಪುಡಿ ಕೂತು ಬಾಯಿ ಒಣಗಿದಂತಾಗುತ್ತದೆ. ಲೋಟದಲ್ಲಿ ಕುಳಿತಷ್ಟು ಹೊತ್ತೂ ಅದು ನೀರಿಗೆ ಇಳಿಯುತ್ತಲೇ ಇರುತ್ತದೆ. ಮೊದಲ ಗುಟುಕಿಗಿಂತ ಕೊನೆಯ ಗುಟುಕು ಕಹಿಯಾಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ನಮ್ಮ ಫಿಲ್ಟರ್ ಕಾಫಿ? ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಗಟ್ಟಿ ಡಿಕಾಕ್ಷನ್, ಚಿಕೋರಿ, ಕೆನೆಹಾಲು, ಸಕ್ಕರೆ ಸೇರಿದ ಲೋಟದಲ್ಲಿ ಹೂವಿನ ಪರಿಮಳ ಹುಡುಕುವವರಿಲ್ಲ. ಅದರ ಸುಖ ಬೇರೆ, ಗಟ್ಟಿತನ ಮತ್ತು ಹದವಾದ ಕಹಿ ಅದಕ್ಕೆ ಬೇಕೇ ಬೇಕು. ಚಿಕೋರಿಯ ಬಹುಭಾಗ ನೀರಿನಲ್ಲಿ ಕರಗುವಂಥದ್ದು. ಅದು ತಾನೇ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಹಾಲು ಕಹಿಯ ಮೊನಚನ್ನು ಮೊಂಡು ಮಾಡುತ್ತದೆ. ಸಣ್ಣಪುಟ್ಟ ಏರುಪೇರು ಅದರಲ್ಲಿ ಮುಚ್ಚಿಹೋಗುತ್ತದೆ. ಆದರೂ ಪುಡಿ ಸಮನಾಗಿರಬೇಕಾದ ಅಗತ್ಯ ಅಲ್ಲಿಯೂ ತಪ್ಪಿದ್ದಲ್ಲ, ಅದು ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮಿಕ್ಸಿಯ ಹಿಟ್ಟು ಫಿಲ್ಟರಿನ ತೂತುಗಳಿಗೆ ಕಟ್ಟಿಕೊಂಡು ರಾತ್ರಿ ಹಾಕಿದ ನೀರು ಬೆಳಿಗ್ಗೆಯೂ ಮೇಲೆಯೇ ನಿಂತಿರುತ್ತದೆ. ಮನೆಯವರು ಫಿಲ್ಟರನ್ನು ತಟ್ಟುತ್ತಾರೆ, ಮುಚ್ಚಳ ತೆಗೆದು ಹಾಕುತ್ತಾರೆ, ಕೊನೆಗೆ ಚಮಚದಿಂದ ಕೆದಕುತ್ತಾರೆ; ಕೆದಕಿದ ಕೂಡಲೇ ಹಿಟ್ಟೆಲ್ಲ ಕೆಳಗಿನ ಪಾತ್ರೆಗೆ ಇಳಿದು ಡಿಕಾಕ್ಷನ್ ಮಡ್ಡಿಯಾಗುತ್ತದೆ. ದಪ್ಪ ನುಚ್ಚು ಹೆಚ್ಚಾದರೆ ಇದಕ್ಕೆ ತಿರುಗುಮುರುಗು, ಹತ್ತೇ ನಿಮಿಷದಲ್ಲಿ ನೀರಾದ ಡಿಕಾಕ್ಷನ್ ಇಳಿದುಬಿಡುತ್ತದೆ. ಅಂಗಡಿಯ ಪುಡಿಯಲ್ಲಿ ಈ ರಗಳೆ ಕಡಿಮೆ ಎಂಬುದು ಮನೆಮನೆಗೂ ಗೊತ್ತು. ಅದರ ಶ್ರೇಯಸ್ಸಿನ ಒಂದು ಪಾಲು ಆ ದೊಡ್ಡ ಮೆಷಿನ್ನಿನ ಹಲ್ಲಿನ ತಟ್ಟೆಗಳಿಗೆ ಸಲ್ಲಬೇಕು.

ಅಂಥ ತಟ್ಟೆಗಳಿಗೆ ಜಗತ್ತಿನ ವೇದಿಕೆಯಲ್ಲೂ ಒಮ್ಮೆ ಗೌರವ ಸಿಕ್ಕಿತ್ತು. 2013ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ವಿಶ್ವ ಬರಿಸ್ತಾ ಸ್ಪರ್ಧೆಗೆ ಆಸ್ಟ್ರೇಲಿಯಾದ ಮ್ಯಾಟ್ ಪರ್ಜರ್ ಜರ್ಮನಿಯ ಮಾಲ್ಕೋನಿಗ್ ಕಂಪನಿಯ ಇಕೆ43 ಎಂಬ ಮೆಷಿನ್ ಬಳಸಿದರು. ಅದು ಎಸ್ಪ್ರೆಸ್ಸೊಗೆಂದು ಮಾಡಿದ್ದಲ್ಲ; ಅಂಗಡಿಗಳಲ್ಲಿ ಕಾಫಿಯನ್ನೂ ಮಸಾಲೆಯನ್ನೂ ಹೆಚ್ಚು ಪ್ರಮಾಣದಲ್ಲಿ ಪುಡಿ ಮಾಡಿಕೊಡಲು ಇಟ್ಟುಕೊಳ್ಳುತ್ತಿದ್ದ, 98 ಮಿಲಿಮೀಟರ್ ಅಗಲದ ಚಪ್ಪಟೆ ಬರ್‌ಗಳಿರುವ ದೊಡ್ಡ ಯಂತ್ರ. ಆ ಸ್ಪರ್ಧೆಯ ನಂತರ ಕೆಫೆಗಳು ಅದನ್ನು ಹುಡುಕಿಕೊಂಡು ಹೋಗತೊಡಗಿದವು.

ಬರ್ ಇದ್ದರೆ ಹಿಟ್ಟೇ ಆಗುವುದಿಲ್ಲ ಎಂದುಕೊಳ್ಳುವುದು ತಪ್ಪು. ಪೆಡಸು ವಸ್ತು ಒಡೆಯುವಾಗ ಒಡೆದ ಜಾಗದಲ್ಲಿ ಧೂಳು ಏಳಲೇಬೇಕು. ಅತ್ಯುತ್ತಮ ಯಂತ್ರದ ಪುಡಿಯಲ್ಲೂ 100 ಮೈಕ್ರಾನಿಗಿಂತ ಸಣ್ಣ ಕಣಗಳು ಇರುತ್ತವೆ. ಎಷ್ಟು ಇರುತ್ತವೆ ಎಂಬುದಷ್ಟೇ ಪ್ರಶ್ನೆ. ಅದು ಯಂತ್ರವನ್ನು ಮಾತ್ರವಲ್ಲ, ಬೀಜದ ಸ್ಥಿತಿಯನ್ನೂ ಅವಲಂಬಿಸಿದೆ. ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2016ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬೇರೆ ಬೇರೆ ದೇಶಗಳ ಬೀಜಗಳನ್ನು ಒಂದೇ ಯಂತ್ರದಲ್ಲಿ ಪುಡಿ ಮಾಡಿ ನೋಡಿದ್ದರು. ಯಾವ ದೇಶದ್ದು ಎಂಬುದರಿಂದ ಕಣಗಳ ಗಾತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೀಜವನ್ನು ತಣ್ಣಗೆ ಮಾಡಿದಾಗ ಮಾತ್ರ ಪುಡಿ ಇನ್ನಷ್ಟು ಸಣ್ಣದಾಗಿ, ಇನ್ನಷ್ಟು ಸಮನಾಗಿ ಬಂತು. ದ್ರವ ಸಾರಜನಕದಲ್ಲಿ ಅದ್ದಿ ಮೈನಸ್ 196 ಡಿಗ್ರಿಗೆ ಇಳಿಸಿದ ಬೀಜವನ್ನೂ ಅವರು ಪುಡಿ ಮಾಡಿದ್ದರು. ಮನೆಯಲ್ಲಿ ಇದನ್ನು ಯಾರೂ ಮಾಡಬೇಕಿಲ್ಲ. ಆದರೆ ನಿಲ್ಲಿಸದೆ ತಿರುಗಿಸಿ ಜಾರ್ ಬಿಸಿಯಾಗುವಂತೆ ಪುಡಿ ಮಾಡಬಾರದು ಎಂಬುದಕ್ಕೆ ಇದರಲ್ಲಿ ಒಂದು ಕಾರಣ ಸಿಗುತ್ತದೆ.

ಡಬ್ಬದ ಮೇಲೆ ಬರ್ ಎಂದು ಬರೆದಿದ್ದರೆ ಸಾಕೇ ಎಂದರೆ, ಸಾಲದು. ಅಗ್ಗದ ಕೈ ಗ್ರೈಂಡರುಗಳಲ್ಲಿ ಒಳಗಿನ ಬರ್ ಕೂತಿರುವ ಸರಳು ಕೆಳಗಡೆ ಗಟ್ಟಿಯಾಗಿ ಹಿಡಿದಿರುವುದಿಲ್ಲ. ನಯಕ್ಕೆ ಇಟ್ಟಾಗ ಎರಡು ಬರ್‌ಗಳು ಹತ್ತಿರವಿರುವುದರಿಂದ ತೊಂದರೆ ಗೊತ್ತಾಗುವುದಿಲ್ಲ. ದಪ್ಪಕ್ಕೆ ಸಡಿಲಿಸಿದಾಗ ಒಳಬರ್ ಓಲಾಡತೊಡಗುತ್ತದೆ; ಒಂದು ಬದಿಗೆ ಸಂದು ಅಗಲ, ಇನ್ನೊಂದು ಬದಿಗೆ ಕಿರಿದು. ಅಗಲದ ಕಡೆಯಿಂದ ನುಚ್ಚು, ಕಿರಿದರ ಕಡೆಯಿಂದ ಹಿಟ್ಟು. ಕೊಳ್ಳುವ ಮೊದಲು ಗ್ರೈಂಡರನ್ನು ದಪ್ಪದ ಹದಕ್ಕಿಟ್ಟು ತಲೆಕೆಳಗು ಮಾಡಿ, ಒಳಬರ್ ಅನ್ನು ಬೆರಳಿನಿಂದ ಅತ್ತಿತ್ತ ಅಲ್ಲಾಡಿಸಿ ನೋಡಬೇಕು. ಅದು ಕದಲಬಾರದು. ಸರಳಿನ ಎರಡೂ ತುದಿಗೆ ಬೇರಿಂಗ್ ಇರುವ, ಉಕ್ಕಿನ ಬರ್‌ನ ಸಣ್ಣ ಕೈ ಗ್ರೈಂಡರ್ ಒಂದು ಮನೆಗೆ ಸಾಕು. ಅದೇ ಬೆಲೆಯ ವಿದ್ಯುತ್ ಗ್ರೈಂಡರಿನಲ್ಲಿ ಹಣದ ಒಂದು ಪಾಲು ಮೋಟಾರಿಗೆ ಹೋಗಿರುತ್ತದೆ. ಒಂದೆರಡು ಲೋಟ ಮಾಡುವವರಿಗೆ ಕೈಯದೇ ಮೇಲು. ದಿನಕ್ಕೆ ಆರೇಳು ಮಂದಿಗೆ ಕಾಫಿ ಆಗಬೇಕಾದ ಮನೆಯಲ್ಲಿ ಮಾತ್ರ ಕೈ ಸೋಲುತ್ತದೆ. ಒಳ್ಳೆಯ ಬರ್ ಕೂಡ ವರ್ಷಗಟ್ಟಲೆ ಬಳಸಿದ ಮೇಲೆ ಮೊಂಡಾಗುತ್ತದೆ. ಮೊದಲಿಗಿಂತ ಹೆಚ್ಚು ಹೊತ್ತು ತಿರುಗಿಸಬೇಕಾಗಿ ಬಂದು, ಅದೇ ಹದದಲ್ಲಿ ಕಾಗದ ಕಟ್ಟಿಕೊಳ್ಳತೊಡಗಿದರೆ ಬರ್ ಬದಲಿಸುವ ಕಾಲ ಬಂದಿದೆ.

ಎಲ್ಲ ಕಾಫಿಗೂ ಒಂದಿಷ್ಟೂ ಹಿಟ್ಟಿಲ್ಲದ ಪುಡಿಯೇ ಬೇಕೆಂದೂ ಇಲ್ಲ. ಎಸ್ಪ್ರೆಸ್ಸೊದಲ್ಲಿ ಒತ್ತಡದ ನೀರಿಗೆ ಪುಡಿ ತಡೆಯೊಡ್ಡಬೇಕು, ಆ ತಡೆ ಬರುವುದು ತರಿಯ ನಡುವೆ ತುಂಬಿಕೊಂಡ ಹಿಟ್ಟಿನಿಂದ. ಕೋನಾಕಾರದ ಬರ್‌ಗಳ ಪುಡಿಯಲ್ಲಿ ಸಾಮಾನ್ಯವಾಗಿ ಹಿಟ್ಟಿನ ಪಾಲು ಕೊಂಚ ಹೆಚ್ಚು. ಅದರ ಕಾಫಿ ಬಾಯಿತುಂಬ ಗಟ್ಟಿಯಾಗಿರುತ್ತದೆ, ಅದನ್ನೇ ಇಷ್ಟಪಡುವವರು ಬಹಳ ಮಂದಿ ಇದ್ದಾರೆ. ಚಪ್ಪಟೆ ಬರ್‌ಗಳದ್ದು ಹಗುರ, ರುಚಿಗಳು ಬಿಡಿಬಿಡಿ. ಇದು ಅಭಿರುಚಿಯ ವಿಷಯ. ಮಿಕ್ಸಿಯ ಪುಡಿಗೂ ಬರ್ ಪುಡಿಗೂ ನಡುವಿನ ವ್ಯತ್ಯಾಸವನ್ನು ಮಾತ್ರ ಅಭಿರುಚಿ ಎಂದು ಬಿಟ್ಟುಬಿಡುವಂತಿಲ್ಲ.

ಮಿಕ್ಸಿಯೊಂದೇ ಇರುವ ಮನೆಯಲ್ಲೂ ಒಂದಷ್ಟು ಸುಧಾರಿಸಿಕೊಳ್ಳಬಹುದು. ಸಣ್ಣ ಜಾರಿಗೆ ಬ್ಲೇಡು ಮುಚ್ಚುವಷ್ಟು ಬೀಜ ಹಾಕಬೇಕು. ತೀರಾ ಕಡಿಮೆಯಾದರೆ ಬೀಜ ಎಗರಾಡುತ್ತದೆ, ಹೆಚ್ಚಾದರೆ ಮೇಲಿನದು ಕೆಳಗೆ ಬರುವುದಿಲ್ಲ. ಒಂದೇ ಸಮನೆ ತಿರುಗಿಸದೆ, ಒಂದೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರ್ ಎತ್ತಿ ಕುಲುಕಿ, ಮತ್ತೆ ತಿರುಗಿಸಬೇಕು. ಕುಲುಕಿದಾಗ ದೊಡ್ಡ ಚೂರು ಬ್ಲೇಡಿನ ಹತ್ತಿರಕ್ಕೆ ಬರುತ್ತದೆ. ದೊಡ್ಡ ಚೂರುಗಳು ಕಾಣದಾದ ಕೂಡಲೇ ನಿಲ್ಲಿಸಿ, ಮೈದಾ ಜರಡಿಯಲ್ಲಿ ಜರಡಿ ಹಿಡಿದರೆ ಹಿಟ್ಟಿನ ದೊಡ್ಡ ಪಾಲು ಕೆಳಗೆ ಬೀಳುತ್ತದೆ. ತೂಕ ಕಳೆದುಹೋಗುವುದರಿಂದ 15 ಗ್ರಾಂ ಬೇಕಿದ್ದರೆ 20 ಗ್ರಾಂ ಬೀಜದಿಂದ ಶುರುಮಾಡುವುದು ಒಳ್ಳೆಯದು. ಬಿದ್ದ ಹಿಟ್ಟನ್ನು ಎಸೆಯಬೇಕಿಲ್ಲ, ಹಾಲಿನ ಕಾಫಿಗೆ ಹಾಕುವ ಪುಡಿಯಲ್ಲಿ ಸ್ವಲ್ಪಸ್ವಲ್ಪ ಬೆರೆಸಿ ಮುಗಿಸಬಹುದು. ಜರಡಿಯ ಮೇಲೆ ಉಳಿದದ್ದರಲ್ಲಿ ನುಚ್ಚೂ ರವೆಯೂ ಕಲೆತೇ ಇರುತ್ತವೆ, ಆದ್ದರಿಂದ ನೀರು ಹೊಯ್ದು ಇಳಿಸುವ ಬದಲು ನಾಲ್ಕೈದು ನಿಮಿಷ ಪಾತ್ರೆಯಲ್ಲೇ ನೆನೆಯಲು ಬಿಟ್ಟು ಆಮೇಲೆ ಕಾಗದದಲ್ಲಿ ಸೋಸಿದರೆ ನುಚ್ಚಿಗೂ ಇಳಿಯಲು ಸಮಯ ಸಿಗುತ್ತದೆ. ಕಹಿಯ ಅಂಚು ಇದರಿಂದ ಚೆನ್ನಾಗಿಯೇ ತಗ್ಗುತ್ತದೆ, ಬರ್ ಪುಡಿಯ ಮಟ್ಟ ಮಾತ್ರ ಬರುವುದಿಲ್ಲ.

ಇಷ್ಟು ಪಾಡು ಬೇಡವೆನ್ನುವವರಿಗೆ ಹತ್ತಿರದ ಕಾಫಿ ಪುಡಿ ಅಂಗಡಿಯಿದೆ. ಚಿಕೋರಿ ಬೇಡ, ಫಿಲ್ಟರ್ ಪುಡಿಗಿಂತ ದಪ್ಪ, ಚಿರೋಟಿ ರವೆಗಿಂತ ಒಂದು ಹದ ಮೇಲೆ ಎಂದು ಹೇಳಿ, ಹಿಂದಿನ ಗಿರಾಕಿಯ ಚಿಕೋರಿ ಬೆರೆತ ಪುಡಿ ಮೆಷಿನ್ನಿನಲ್ಲಿ ಉಳಿದಿರುತ್ತದಾದ್ದರಿಂದ ಮೊದಲು ಬಿದ್ದ ಒಂದು ಹಿಡಿ ಪುಡಿಯನ್ನು ಬೇರೆ ತೆಗೆಸಿ, ಉಳಿದದ್ದನ್ನು ಕಟ್ಟಿಸಿಕೊಳ್ಳಬಹುದು. ಪುಡಿಯಾದ ಮೇಲೆ ಪರಿಮಳ ಹಾರಿಹೋಗುವುದು ಬೇಗ. ನೂರು ಗ್ರಾಂಗಿಂತ ಹೆಚ್ಚು ತರದೆ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಂದು ವಾರದೊಳಗೆ ಮುಗಿಸಬೇಕು.